ಸಿಗ್ನಲ್‌ನಲ್ಲಿ ನಿಂತಾಗ ಮಿನುಗುವ ಕೆಂಪು ದೀಪ

ಬೇಸಿಗೆಯ ಮಧ್ಯಾಹ್ನ. ಹೆದ್ದಾರಿಯಲ್ಲಿ ಎರಡು ಗಂಟೆ ಓಡಿದ ಕಾರು ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ, ಮೂತಿಯಿಂದ ಹನಿ ತೊಟ್ಟಿಕ್ಕುವ ಎಣ್ಣೆ ಡಬ್ಬಿಯ ಕೆಂಪು ಚಿತ್ರ ಮಿಣುಕ್ ಮಿಣುಕ್ ಎನ್ನುತ್ತದೆ. ಆಕ್ಸಿಲರೇಟರನ್ನು ಕೊಂಚ ಒತ್ತಿದರೆ ಆರುತ್ತದೆ, ಕಾಲು ತೆಗೆದರೆ ಮತ್ತೆ ಶುರು. ಮರುದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ.

ಇದನ್ನು ಮೂರು ಗ್ಯಾರೇಜಿನಲ್ಲಿ ಹೇಳಿದರೆ ಮೂರು ಉತ್ತರ ಬರುವ ಸಾಧ್ಯತೆ ಹೆಚ್ಚು. 'ಆಯಿಲ್ ಕಮ್ಮಿ ಆಗಿದೆ, ಟಾಪ್‌ಅಪ್ ಮಾಡಿ' ಎನ್ನುತ್ತಾರೆ ಒಬ್ಬರು. 'ಸೆನ್ಸರ್ ಹೋಗಿದೆ, ಹಾಕಿಬಿಡೋಣ' ಎಂಬುದು ಇನ್ನೊಬ್ಬರ ಮಾತು. 'ಬೇರಿಂಗ್ ಹೋಗಿದೆ ಸಾರ್, ಇಂಜಿನ್ ಬಿಚ್ಚಬೇಕು' ಎಂದು ಮೂರನೆಯವರು ಎದೆ ಒಡೆಯುವಂತೆ ಮಾಡುತ್ತಾರೆ. ಮೊದಲೆರಡು ಕೆಲವು ನೂರು ರೂಪಾಯಿಗಳ ಮಾತು. ಮೂರನೆಯದು ಹತ್ತಾರು ಸಾವಿರದ್ದು. ಮೂವರ ಮಾತೂ ನಿಜವಾಗಿರಬಹುದು. ಆದರೆ ಯಾರೊಬ್ಬರೂ ಅಳೆದು ನೋಡದೆ ಹೇಳಿದ್ದರೆ ಅದು ಊಹೆ ಮಾತ್ರ. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸುವ ದಾರಿಯಿದೆ, ಅದು ಕಷ್ಟದ್ದೂ ಅಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ. ಆಯಿಲ್‌ನ ಒತ್ತಡ ಎಷ್ಟಿದೆ ಎಂದು ಹೇಳುತ್ತದೆ. ಎಂಜಿನ್‌ನ ಕೆಳಗೆ ಚೇಂಬರ್ ಇದೆ, ಅದರಲ್ಲಿ ಆಯಿಲ್ ನಿಂತಿರುತ್ತದೆ. ಜಾಲರಿ ಕಟ್ಟಿದ ಒಂದು ಕೊಳವೆ ಅದರಲ್ಲಿ ಮುಳುಗಿರುತ್ತದೆ. ಎಂಜಿನ್ ತಿರುಗಿದಂತೆ ಅದರ ಜೊತೆಗೇ ತಿರುಗುವ ಆಯಿಲ್ ಪಂಪು ಈ ಕೊಳವೆಯಿಂದ ಹೀರಿ, ಫಿಲ್ಟರಿನ ಮೂಲಕ ಹಾಯಿಸಿ, ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೂ ಮೇಲಿನ ಕ್ಯಾಮ್‌ಶಾಫ್ಟಿಗೂ ತಳ್ಳುತ್ತದೆ. ಪಂಪು ಕೊಡುವುದು ಹರಿವನ್ನು ಮಾತ್ರ. ಒತ್ತಡ ಹುಟ್ಟುವುದು ಆ ಹರಿವಿಗೆ ತಡೆ ಸಿಕ್ಕಾಗ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ರಭಸದಿಂದ ಚಿಮ್ಮುತ್ತದಲ್ಲ, ಅಂಥದೇ ತಡೆ. ಎಂಜಿನ್‌ನಲ್ಲಿ ಆ ಹೆಬ್ಬೆರಳಿನ ಕೆಲಸ ಮಾಡುವುದು ಬೇರಿಂಗಿಗೂ ಶಾಫ್ಟಿಗೂ ನಡುವಿನ ಕಿರಿದಾದ ಸಂದು. ಸಾಮಾನ್ಯ ಕಾರಿನ ಹೊಸ ಎಂಜಿನ್‌ನಲ್ಲಿ ಈ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ಆರು ಭಾಗದಷ್ಟು ಇರುತ್ತದೆ. ಅಷ್ಟರೊಳಗಿಂದ ಆಯಿಲ್ ಕಷ್ಟಪಟ್ಟು ಹೊರಬರಬೇಕು. ಆ ಕಷ್ಟವೇ ಒತ್ತಡ.

ಇಷ್ಟು ತಿಳಿದರೆ ದೀಪ ನಿಂತಾಗಲೇ ಏಕೆ ಮಿನುಗುತ್ತದೆ, ಅದರಲ್ಲೂ ಬಿಸಿಯಾದ ಮೇಲೇ ಏಕೆ ಎಂಬುದು ಅರ್ಥವಾಗುತ್ತದೆ. ಗೇರು ತೆಗೆದು ನಿಂತ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಹೆದ್ದಾರಿಯಲ್ಲಿ 2,400 ಸುತ್ತು ಎಂದಿಟ್ಟುಕೊಳ್ಳಿ. ನಿಂತಾಗ ಪಂಪು ಕೊಡುವ ಆಯಿಲ್ ಅದರ ಮೂರನೇ ಒಂದು ಭಾಗ. ಇನ್ನು ಬಿಸಿಯ ಮಾತು. ಇಂದಿನ ಕಾರುಗಳಲ್ಲಿ ಹೆಚ್ಚಾಗಿ ಬಳಸುವ 5W-30 ಆಯಿಲ್ 40 ಡಿಗ್ರಿಯಲ್ಲಿ ಇರುವಷ್ಟು ಗಟ್ಟಿಯಾಗಿ 100 ಡಿಗ್ರಿಯಲ್ಲಿ ಇರುವುದಿಲ್ಲ. ಅದರ ಸ್ನಿಗ್ಧತೆ ಹೆಚ್ಚುಕಡಿಮೆ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ತೆಳುವಾದ ಆಯಿಲ್, ಮಂದವಾದ ಪಂಪು, ಎರಡೂ ಒಟ್ಟಾಗಿ ಸೇರುವ ಗಳಿಗೆಯೇ ಸಿಗ್ನಲ್‌ನಲ್ಲಿ ನಿಂತ ಬಿಸಿ ಎಂಜಿನ್. ಎಂಜಿನ್‌ನ ಆಯಿಲ್ ವ್ಯವಸ್ಥೆಗೆ ಅತ್ಯಂತ ಕಠಿಣವಾದ ಪರೀಕ್ಷೆ ಇದೇ.

ದೀಪಕ್ಕೆ ಸುದ್ದಿ ಮುಟ್ಟಿಸುವುದು ಒಂದು ಸಣ್ಣ ಒತ್ತಡದ ಸ್ವಿಚ್ಚು. ಗ್ಯಾರೇಜಿನಲ್ಲಿ ಅದನ್ನೇ ಆಯಿಲ್ ಸೆನ್ಸರ್ ಎನ್ನುತ್ತಾರೆ. ಬಹಳಷ್ಟು ಕಾರುಗಳಲ್ಲಿ ಇದು ಒತ್ತಡ 0.3ರಿಂದ 0.5 ಬಾರ್‌ಗಿಂತ ಕೆಳಗೆ ಇಳಿದಾಗ ಮಾತ್ರ ದೀಪ ಹಚ್ಚುತ್ತದೆ. ಆರೋಗ್ಯವಾಗಿರುವ ಬಿಸಿ ಎಂಜಿನ್ ಸುಮ್ಮನೆ ನಿಂತಾಗಲೂ ಸಾಮಾನ್ಯವಾಗಿ ಒಂದು ಬಾರ್‌ನ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇರುತ್ತದೆ. ಅಂದರೆ ಒತ್ತಡ ಅರ್ಧಕ್ಕೆ ಕುಸಿಯುವವರೆಗೂ ದೀಪ ಬಾಯಿ ಬಿಡುವುದಿಲ್ಲ. ಮಿನುಗು ನಿಜವಾದದ್ದೇ ಆಗಿದ್ದರೆ, ತೊಂದರೆ ಇಂದು ಶುರುವಾದದ್ದಲ್ಲ. ಅದಕ್ಕೇ ನಾನು ಈ ದೀಪವನ್ನು ಮುನ್ಸೂಚನೆ ಎಂದು ಕರೆಯಲು ಒಪ್ಪುವುದಿಲ್ಲ. ಇದು ಕಡೆಯ ಕರೆ.

ಈಗ ಒಂದೊಂದಾಗಿ ನೋಡೋಣ. ಆಯಿಲ್ ಕಡಿಮೆಯಾಗಿದ್ದರೆ ದೀಪದ ನಡತೆಯೇ ಬೇರೆ. ಜಾಲರಿ ಆಯಿಲ್‌ನಲ್ಲಿ ಮುಳುಗಿರುವವರೆಗೆ ಪಂಪಿಗೆ ಮೇಲೆ ಎಷ್ಟು ಆಯಿಲ್ ಇದೆ ಎಂಬುದರ ಪರಿವೆಯಿಲ್ಲ. ಅರ್ಧ ಲೀಟರ್ ಕಡಿಮೆಯಾಯಿತೆಂದು ಒತ್ತಡ ಅರ್ಧವಾಗುವುದಿಲ್ಲ. ಜಾಲರಿ ಬರಿದಾಗಿ ಪಂಪು ಗಾಳಿ ಹೀರಿದಾಗ ಮಾತ್ರ ಒತ್ತಡ ದಿಢೀರನೆ ಬೀಳುತ್ತದೆ. ಹೀಗಾಗುವುದು ಚೇಂಬರಿನ ಆಯಿಲ್ ಒಂದು ಕಡೆಗೆ ಸರಿದಾಗ: ಚಾರ್ಮಾಡಿಯ ತಿರುವುಗಳಲ್ಲಿ, ಗಟ್ಟಿಯಾಗಿ ಬ್ರೇಕ್ ಹಾಕಿದಾಗ, ಕಡಿದಾದ ಏರಿನಲ್ಲಿ. ತಿರುವಿನಲ್ಲಿ ದೀಪ ಹೊತ್ತಿ, ನೆಟ್ಟನೆ ದಾರಿಗೆ ಬಂದ ಕೂಡಲೇ ಆರಿದರೆ ಮೊದಲ ಅನುಮಾನ ಆಯಿಲ್ ಮಟ್ಟದ ಮೇಲೇ ಇರಲಿ. ಸಮತಟ್ಟಾದ ಜಾಗದಲ್ಲಿ, ನಿಂತಾಗಲಷ್ಟೇ ಮಿನುಗಿ, ಆಕ್ಸಿಲರೇಟರ್ ಒತ್ತಿದರೆ ತಪ್ಪದೆ ಆರುವ ದೀಪ ಬೇರೆ ಕಥೆ ಹೇಳುತ್ತಿರುತ್ತದೆ.

ಆದರೂ ಮೊದಲು ನೋಡಬೇಕಾದದ್ದು ಡಿಪ್‌ಸ್ಟಿಕ್ಕನ್ನೇ, ಏಕೆಂದರೆ ಅದಕ್ಕೆ ಖರ್ಚಿಲ್ಲ. ಗಾಡಿ ಸಮತಟ್ಟಾಗಿ ನಿಂತಿರಲಿ, ಎಂಜಿನ್ ಆಫ್ ಮಾಡಿ ಐದರಿಂದ ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಚೇಂಬರಿಗೆ ಇಳಿಯಲಿ. ಕಡ್ಡಿ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಬಹಳಷ್ಟು ಕಾರುಗಳಲ್ಲಿ ಸುಮಾರು ಒಂದು ಲೀಟರಿನ ಅಂತರ. ಎರಡರ ನಡುವೆ ಎಲ್ಲೇ ಇದ್ದರೂ ನಿಂತಾಗಿನ ಮಿನುಗಿಗೆ ಆಯಿಲ್ ಕೊರತೆ ಕಾರಣವಲ್ಲ. ಆಗ ಟಾಪ್‌ಅಪ್ ಮಾಡಿ ಮನೆಗೆ ಕಳಿಸುವ ಸಲಹೆ ನಂಬಬೇಡಿ.

ಕಡ್ಡಿಯಲ್ಲಿ ಇನ್ನೊಂದು ವಿಷಯವನ್ನೂ ನೋಡಬೇಕು, ಬಹಳ ಜನ ನೋಡುವುದಿಲ್ಲ. ಆಯಿಲ್ ಮೇಲಿನ ಗುರುತನ್ನೂ ದಾಟಿದೆಯೇ? ಬೆರಳಿಗೆ ಸವರಿ ಮೂಸಿದರೆ ಡೀಸೆಲ್ ವಾಸನೆ ಬರುತ್ತದೆಯೇ? 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದಮೇಲಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಆ ಮಸಿಯನ್ನು ಸುಡುತ್ತದೆ. ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್, ಅಲ್ಲಿಂದ ಮನೆಗೆ ನಾಲ್ಕು ಕಿಲೋಮೀಟರ್ ಎಂದು ಓಡುವ ಗಾಡಿಯಲ್ಲಿ ಈ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತಿರುತ್ತದೆ, ಸುಡದ ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಚೇಂಬರಿಗೆ ಇಳಿಯುತ್ತದೆ. ಕಡ್ಡಿ ತುಂಬಾ ಆಯಿಲ್ ತೋರಿಸುತ್ತದೆ, ಆದರೆ ಅದು ನೀರಾದ ಆಯಿಲ್. ಬಿಸಿಯಾದಾಗ ಒತ್ತಡ ಬೀಳುತ್ತದೆ. ಇಲ್ಲಿ ಆಯಿಲ್ಲೂ ಫಿಲ್ಟರೂ ಬದಲಾಯಿಸಬೇಕು, ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹೆದ್ದಾರಿಯಲ್ಲಿ ಬಿಡುವು ಕೊಡದೆ ಅರ್ಧ ಗಂಟೆ ಓಡಿಸಬೇಕು.

ಇನ್ನು ಸೆನ್ಸರ್. ಅದರೊಳಗೆ ಒಂದು ತೆಳುವಾದ ಪೊರೆ ಇದೆ. ಒತ್ತಡ ಬಂದಾಗ ಪೊರೆ ಮೇಲೆದ್ದು ವಿದ್ಯುತ್ ಸಂಪರ್ಕವನ್ನು ಬಿಡಿಸುತ್ತದೆ, ದೀಪ ಆರುತ್ತದೆ. ವರ್ಷಗಳ ಬಿಸಿಗೆ ಪೊರೆ ಸಡಿಲವಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಬಿರುಕು ಬಿಟ್ಟದ್ದರ ಗುರುತು ಕಣ್ಣಿಗೇ ಕಾಣುತ್ತದೆ: ಸೆನ್ಸರಿನ ಪ್ಲಗ್ ಎಳೆದು ತೆಗೆದರೆ ಅದರ ಒಳಗೆ, ವೈರಿನ ತುದಿಯಲ್ಲಿ ಆಯಿಲ್ ಜಿನುಗಿರುತ್ತದೆ. ಹೊರಗೆ ಒಣಗಿದ್ದು ಒಳಗೆ ಮಾತ್ರ ಒದ್ದೆಯಿದ್ದರೆ ಸೆನ್ಸರ್ ಕೆಟ್ಟಿದೆ ಎಂಬುದರಲ್ಲಿ ಅನುಮಾನ ಬೇಡ. ವೈರು ಉಜ್ಜಿ ಸುಲಿದು ಎಂಜಿನ್ ಲೋಹಕ್ಕೆ ತಾಕುತ್ತಿದ್ದರೂ ದೀಪ ಮಿನುಗುತ್ತದೆ. ಒಂದೇ ವೈರಿನ ಸಾದಾ ಸ್ವಿಚ್ಚು ಇರುವ ಗಾಡಿಯಲ್ಲಿ ಇದನ್ನು ಪತ್ತೆ ಮಾಡುವುದು ಸುಲಭ. ಕೀಲಿ ಆನ್ ಇಟ್ಟು ಪ್ಲಗ್ ಎಳೆಯಿರಿ, ದೀಪ ಆರಬೇಕು. ಆರದಿದ್ದರೆ ದೋಷ ವೈರಿನಲ್ಲಿದೆ.

ಸೆನ್ಸರಿನ ದೋಷಕ್ಕೆ ಎಂಜಿನ್‌ನ ಸುತ್ತುಗಳ ಲೆಕ್ಕ ಗೊತ್ತಿರುವುದಿಲ್ಲ ಎಂಬುದನ್ನು ನೆನಪಿಡಿ. ಅದು ಕುಲುಕಿಗೆ ಮಿನುಗುತ್ತದೆ, ಮಳೆಗೆ ಮಿನುಗುತ್ತದೆ, ಬೆಳಗಿನ ತಣ್ಣನೆಯ ಎಂಜಿನ್‌ನಲ್ಲೂ ಮಿನುಗುತ್ತದೆ, ಕೆಲವೊಮ್ಮೆ 3,000 ಸುತ್ತಿನಲ್ಲೂ ಮಿನುಗುತ್ತದೆ. ನಿಜವಾದ ಒತ್ತಡ ಕುಸಿತ ಹಾಗಲ್ಲ, ಅದಕ್ಕೊಂದು ನಿಯಮವಿದೆ: ಬಿಸಿಯಾಗಿರಬೇಕು, ನಿಂತಿರಬೇಕು. ಎಸಿ ಹಾಕಿದಾಗ ಅನೇಕ ಕಾರುಗಳಲ್ಲಿ ಐಡ್ಲಿಂಗ್ ಕೊಂಚ ಏರುತ್ತದೆ. ಬಿಸಿ ಎಂಜಿನ್‌ನಲ್ಲಿ ಮಿನುಗುತ್ತಿದ್ದ ದೀಪ ಎಸಿ ಹಾಕಿದ ಕೂಡಲೇ ಆರಿ, ಎಸಿ ತೆಗೆದಾಗ ಮತ್ತೆ ಮಿನುಗಿದರೆ, ಅದು ಸುತ್ತುಗಳ ಲೆಕ್ಕಕ್ಕೆ ತಪ್ಪದೆ ಕುಣಿಯುತ್ತಿದೆ. ನನಗೆ ಅಂಥ ಗಾಡಿ ಸಿಕ್ಕರೆ ಸೆನ್ಸರಿನ ಮೇಲೆ ದೋಷ ಹೊರಿಸಲು ಮನಸ್ಸು ಬರುವುದಿಲ್ಲ. ಆದರೂ ಒಂದು ಎಚ್ಚರ: ಪೊರೆ ಸಡಿಲವಾದ ಸೆನ್ಸರ್ 0.4 ಬಾರ್‌ಗೆ ಹೊತ್ತಿಸಬೇಕಾದ ದೀಪವನ್ನು 0.9ಕ್ಕೇ ಹೊತ್ತಿಸಬಹುದು. ಆಗ ಅದೂ ಬಿಸಿಯಲ್ಲಿ, ನಿಂತಾಗಲೇ ಮಿನುಗುತ್ತದೆ. ಲಕ್ಷಣ ನೋಡಿ ಹೇಳುವ ವಿದ್ಯೆ ಇಲ್ಲಿಗೆ ನಿಲ್ಲುತ್ತದೆ. ಮುಂದೆ ಗೇಜ್ ಬೇಕು.

ಸೆನ್ಸರನ್ನು ಬಿಚ್ಚಿ, ಅದೇ ತೂತಿಗೆ ಮುಳ್ಳು ಇರುವ ಸಾದಾ ಒತ್ತಡದ ಗೇಜನ್ನು ಪೈಪಿನ ಮೂಲಕ ತಿರುಗಿಸಿ ಕೂರಿಸುವುದು, ಎಂಜಿನ್ ಚೆನ್ನಾಗಿ ಬಿಸಿಯಾಗಿ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಓಡಿಸುವುದು, ಐಡ್ಲಿಂಗ್‌ನಲ್ಲಿ ಒಮ್ಮೆ, 2,500 ಸುತ್ತಿನಲ್ಲಿ ಒಮ್ಮೆ ಓದಿಕೊಳ್ಳುವುದು. ಇಷ್ಟೇ ಕೆಲಸ. ಸೆನ್ಸರ್ ಕೈಗೆ ಸಿಗುವ ಜಾಗದಲ್ಲಿದ್ದರೆ ಒಂದು ಗಂಟೆ ಸಾಕು. ಇಷ್ಟು ಮಾಡದೆ ಎಂಜಿನ್ ಬಿಚ್ಚುತ್ತೇನೆ ಎನ್ನುವವರಿಗೆ ಗಾಡಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಸನದ ಕಡೆಯ ಪರಿಚಯದವರೊಬ್ಬರ ಡೀಸೆಲ್ ಕಾರಿನ ವಿಷಯ ಹೇಳುತ್ತೇನೆ. ಒಂದು ಲಕ್ಷ ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿತ್ತು, ಈಚೆಗೆ ಬಿಸಿಯಾಗಿ ನಿಂತಾಗ ಮಿನುಗಲು ಶುರುವಾಗಿತ್ತು. ಆಯಿಲ್ ಮಟ್ಟ ನಡುವಿನಲ್ಲಿತ್ತು, ಡೀಸೆಲ್ ವಾಸನೆ ಇರಲಿಲ್ಲ. ಒಂದು ಗ್ಯಾರೇಜಿನಲ್ಲಿ ಸೆನ್ಸರ್ ಬದಲಿಸಿ ಕಳಿಸಿದರು. ಹೊಸ ಸೆನ್ಸರಿನಲ್ಲೂ ಮಿನುಗು ಹಾಗೇ ಉಳಿಯಿತು. ಮತ್ತೊಂದು ಕಡೆ ಎಂಜಿನ್ ಪೂರ್ತಿ ಇಳಿಸಬೇಕು, ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲ ಆಗಬೇಕು ಎಂದು ದೊಡ್ಡ ಮೊತ್ತ ಹೇಳಿದರು. ಕಡೆಗೆ ಗಾಡಿ ಹೋದದ್ದು ವಯಸ್ಸಾದ ಒಬ್ಬ ಮೇಸ್ತ್ರಿಯ ಹತ್ತಿರ. 'ಸಾರ್, ಮೊದಲು ಗೇಜ್ ಹಾಕಿ ನೋಡೋಣ, ಬಿಚ್ಚೋದು ಆಮೇಲೆ' ಎಂದರು ಅವರು.

ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ಗೇಜಿನ ಮುಳ್ಳು ಮೂರು ಬಾರ್ ದಾಟಿ ನಿಂತಿತು. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 0.4ರ ಸುತ್ತ ನಡುಗುತ್ತಿತ್ತು. 2,500 ಸುತ್ತಿನಲ್ಲಿ 1.8. ತಯಾರಕರ ಕೈಪಿಡಿಯ ಪ್ರಕಾರ ಇವು ಎರಡೂ ಕಡಿಮೆಯೇ. ಗೇಜು ಹೇಳಿದ್ದು ಇಷ್ಟು: ಸೆನ್ಸರ್ ನಿಜವನ್ನೇ ಹೇಳುತ್ತಿದೆ, ತಣ್ಣಗಿದ್ದಾಗ ಮೂರು ಬಾರ್ ಎಬ್ಬಿಸುವ ಪಂಪು ಪೂರ್ತಿ ಸೋತಿಲ್ಲ, ಆಯಿಲ್ ತೆಳುವಾದ ಕೂಡಲೇ ಎಲ್ಲೋ ಬೇಗ ಸೋರಿಹೋಗುತ್ತಿದೆ. ಇದಕ್ಕೆ ಬದಲಾಗಿ ಮುಳ್ಳು ಬಿಸಿ ಐಡ್ಲಿಂಗ್‌ನಲ್ಲಿ 1.2 ತೋರಿಸಿದ್ದರೆ ಸೆನ್ಸರೇ ಸುಳ್ಳು ಹೇಳುತ್ತಿತ್ತು ಎಂದಾಗುತ್ತಿತ್ತು. ತಣ್ಣಗಿದ್ದಾಗಲೂ, ವೇಗದಲ್ಲೂ ಒತ್ತಡ ಏಳದಿದ್ದರೆ ಕಸಕಟ್ಟಿದ ಜಾಲರಿ, ಸವೆದ ಪಂಪು, ತೆರೆದುಕೊಂಡೇ ಸಿಕ್ಕಿಬಿದ್ದ ರಿಲೀಫ್ ವಾಲ್ವ್ ಇವುಗಳನ್ನು ಹುಡುಕಬೇಕಿತ್ತು.

ಮೇಸ್ತ್ರಿ ಆಗಲೂ ಎಂಜಿನ್ ಇಳಿಸಲಿಲ್ಲ. ಆಯಿಲ್ ಫಿಲ್ಟರನ್ನು ತೆಗೆದು ಅದರ ತಗಡನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಹರಡಿ, ಬಿಸಿಲಿಗೆ ಹಿಡಿದು ತೋರಿಸಿದರು. ಮಡಿಕೆಗಳ ನಡುವೆ ತಾಮ್ರದ ಬಣ್ಣದ ಸಣ್ಣ ಚೂರುಗಳು ಹೊಳೆಯುತ್ತಿದ್ದವು. ಬೇರಿಂಗ್ ಶೆಲ್ಲು ಒಂದೇ ಲೋಹದ್ದಲ್ಲ. ಬೆನ್ನಿಗೆ ಉಕ್ಕು, ಅದರ ಮೇಲೆ ಅನೇಕ ಎಂಜಿನ್‌ಗಳಲ್ಲಿ ತಾಮ್ರ ಬೆರೆತ ಪದರ, ಎಲ್ಲಕ್ಕೂ ಮೇಲೆ ಬೂದು ಬಣ್ಣದ ಅತಿ ತೆಳುವಾದ ಮೃದು ಲೇಪ. ತಾಮ್ರ ಕಾಣಿಸಿತೆಂದರೆ ಮೇಲಿನ ಲೇಪ ಸವೆದು ಹೋಗಿದೆ ಎಂದರ್ಥ. ಅವರು ಕೆಳಗಿನ ಚೇಂಬರ್ ಮಾತ್ರ ಬಿಚ್ಚಿ ಕನೆಕ್ಟಿಂಗ್ ರಾಡಿನ ಶೆಲ್ಲುಗಳನ್ನು ಹೊರತೆಗೆದರು. ಹೆಚ್ಚು ಭಾರ ಬೀಳುವ ಮೇಲಿನ ಅರ್ಧದಲ್ಲಿ, ನಡುಮಧ್ಯೆ, ತಾಮ್ರ ಬಯಲಾಗಿತ್ತು. ಕ್ರ್ಯಾಂಕಿನ ಮೇಲ್ಮೈಗೆ ಉಗುರು ಎಳೆದರೆ ಎಲ್ಲೂ ಗೀರು ತಗಲಲಿಲ್ಲ. ಮೈಕ್ರೋಮೀಟರಿನ ಅಳತೆಯೂ ಮಿತಿಯೊಳಗಿತ್ತು. ಗ್ರೈಂಡಿಂಗ್ ಬೇಕಾಗಲಿಲ್ಲ, ಬೋರಿಂಗ್ ಮಾತೇ ಇಲ್ಲ. ಹೊಸ ರಾಡ್ ಬೇರಿಂಗ್, ಮೇನ್ ಬೇರಿಂಗ್ ಸೆಟ್ಟು, ಹೊಸ ಬೋಲ್ಟು, ತೊಳೆದ ಜಾಲರಿ, ಸರಿಯಾದ ದರ್ಜೆಯ ಆಯಿಲ್. ಮತ್ತೆ ಗೇಜ್ ಹಾಕಿದಾಗ ಬಿಸಿ ಐಡ್ಲಿಂಗ್‌ನಲ್ಲಿ ಮುಳ್ಳು 1.3ರಲ್ಲಿ ಅಲುಗದೆ ನಿಂತಿತು.

ಬೇರಿಂಗ್ ಸವೆತಕ್ಕೆ ಒತ್ತಡ ಇಷ್ಟು ಬೇಗ ಬೀಳುವುದಕ್ಕೆ ಒಂದು ಗಣಿತವಿದೆ. ಸಂದಿನಿಂದ ಸೋರುವ ಆಯಿಲ್ ಸಂದಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಸಂದು 0.04 ಮಿಲಿಮೀಟರಿನಿಂದ 0.08ಕ್ಕೆ ಏರಿದರೆ, ಅದೇ ಒತ್ತಡದಲ್ಲಿ ಸೋರುವಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಹೀಗಾಗಿ ಬಹಳ ದಿನ ಏನೂ ತೋರದೆ ಸವೆಯುವ ಬೇರಿಂಗು, ಒಮ್ಮೆ ಮಿನುಗು ಶುರುವಾದ ಮೇಲೆ ಬೇಗ ಹದಗೆಡುತ್ತದೆ.

ಮುಂದಿನ ಹಂತದಲ್ಲಿ ಶಬ್ದ ಬರುತ್ತದೆ. ಇಲ್ಲಿ ಕಿವಿ ಎರಡನ್ನು ಬೇರೆ ಮಾಡಬೇಕು. ಎಂಜಿನ್‌ನ ತಲೆಯ ಕಡೆಯಿಂದ ಬರುವ ಹಗುರವಾದ ಟಿಕ್ ಟಿಕ್ ಟ್ಯಾಪೆಟ್ಟಿನದು. ಅದು ಆಯಿಲ್ ಮೇಲಕ್ಕೆ ತಲುಪುತ್ತಿಲ್ಲ ಎಂದು ಹೇಳಬಹುದು, ಆದರೆ ಅದೇ ಬೇರಿಂಗ್ ಸದ್ದಲ್ಲ. ಕೆಳಗಿನಿಂದ, ಚೇಂಬರಿನ ಹತ್ತಿರದಿಂದ ದಪ್ಪಗೆ ಟಕ್ ಟಕ್ ಎಂದು ಬಂದು, 2,000 ಸುತ್ತಿಗೆ ಏರಿಸಿ ಆಕ್ಸಿಲರೇಟರ್ ಬಿಟ್ಟ ಗಳಿಗೆಯಲ್ಲಿ ಇನ್ನೂ ಸ್ಪಷ್ಟವಾದರೆ ಅದು ರಾಡ್ ಬೇರಿಂಗು. ಆ ಶಬ್ದ ಕೇಳಿದ ಮೇಲೆ ಗಾಡಿಯನ್ನು ಸ್ವಂತ ಶಕ್ತಿಯಿಂದ ಗ್ಯಾರೇಜಿಗೂ ಓಡಿಸಬಾರದು. ಶೆಲ್ಲು ತಿರುಗಿ ಕ್ರ್ಯಾಂಕನ್ನು ಕಡಿಯಿತೆಂದರೆ ಬರಿಯ ಬೇರಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸ ಕ್ರ್ಯಾಂಕ್ ಗ್ರೈಂಡಿಂಗಿಗೆ, ಕೆಲವೊಮ್ಮೆ ಇಡೀ ಎಂಜಿನ್ ಬದಲಿಗೆ ಹೋಗುತ್ತದೆ.

ಒಂದು ಆಸೆ ಎಲ್ಲರಿಗೂ ಬರುತ್ತದೆ: ದಪ್ಪ ಆಯಿಲ್ ಹಾಕಿದರೆ ದೀಪ ಆರುವುದಿಲ್ಲವೇ? ಆರುತ್ತದೆ. 5W-30 ಬೇಡುವ ಎಂಜಿನ್‌ಗೆ 20W-50 ಸುರಿದರೆ ಬಿಸಿ ಐಡ್ಲಿಂಗ್‌ನಲ್ಲಿ ಒತ್ತಡ ಏರಿ ದೀಪ ಸುಮ್ಮನಾಗಬಹುದು. ಸವೆದ ಸಂದು ಅಲ್ಲೇ ಇರುತ್ತದೆ. ಬೆಳಗಿನ ಚಳಿಯಲ್ಲಿ ಆ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟಿಗೂ ಟರ್ಬೊಗೂ ತಲುಪಲು ತಡವಾಗುತ್ತದೆ, ಸವೆತಕ್ಕೆ ಹೊಸ ಜಾಗ ಸಿಗುತ್ತದೆ. ಕೈಪಿಡಿ ಎರಡು ದರ್ಜೆ ಒಪ್ಪಿದ್ದರೆ ಅವುಗಳಲ್ಲಿ ದಪ್ಪದ್ದನ್ನು ಆರಿಸಬಹುದು, ಅದಕ್ಕಿಂತ ಮುಂದೆ ಹೋಗುವುದು ದೀಪಕ್ಕೆ ಮಾಡುವ ಚಿಕಿತ್ಸೆ.

ದಾರಿಯಲ್ಲಿ ದೀಪ ಮಿನುಗಿದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ಕೆಳಗಿನ ಗುರುತಿಗಿಂತ ತಳಕ್ಕೆ ಹೋಗಿದ್ದರೆ ತುಂಬಿಸಿ, ದೀಪ ಆರಿದರೆ ಮಾತ್ರ ಮುಂದಕ್ಕೆ ಹೋಗಿ. ಆ ಆಯಿಲ್ ಎಲ್ಲಿ ಹೋಯಿತು ಎಂದು ಮರುದಿನವೇ ಹುಡುಕಿಸಿ. ಓಡುತ್ತಿರುವಾಗ ದೀಪ ಮಿನುಗದೆ ಗಟ್ಟಿಯಾಗಿ ಉರಿದರೆ ಮನೆ ಎರಡೇ ಕಿಲೋಮೀಟರ್ ದೂರ ಇದ್ದರೂ ಹೋಗಬೇಡಿ. ಒತ್ತಡವಿಲ್ಲದ ಎಂಜಿನ್ ಸೀಜ್ ಆಗಲು ಕೆಲವೇ ನಿಮಿಷ ಸಾಕು. ಟೋಯಿಂಗ್ ಗಾಡಿಯ ಬಾಡಿಗೆ ಯಾವ ಎಂಜಿನ್‌ಗಿಂತಲೂ ಅಗ್ಗ.

ಹಳೆಯ ಕಾರು ಕೊಳ್ಳುವವರಿಗೂ ಒಂದು ಮಾತು. ಮಿನುಗು ಮುಚ್ಚಿಡಲು ಸೆನ್ಸರಿನ ವೈರನ್ನೇ ಕಿತ್ತಿಡುವ, ಬಲ್ಬ್ ತೆಗೆಯುವ ಮಾರಾಟಗಾರರಿದ್ದಾರೆ. ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಆ ಕೆಂಪು ದೀಪ ಉರಿಯುತ್ತದೆಯೇ ನೋಡಿ. ಉರಿಯಬೇಕು, ಸ್ಟಾರ್ಟ್ ಆದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಈಚಿನ ಕೆಲವು ಗಾಡಿಗಳಲ್ಲಿ ಕ್ರಮ ಬೇರೆ ಇರಬಹುದು, ಕೈಪಿಡಿಯಲ್ಲಿ ನೋಡಿಕೊಳ್ಳಿ. ಗಾಡಿಯನ್ನು ಅರ್ಧ ಗಂಟೆ ಬಿಸಿಲಲ್ಲಿ ಓಡಿಸಿ, ಎಸಿ ಆಫ್ ಮಾಡಿ, ನಿಲ್ಲಿಸಿ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಬೆಲೆಯ ಮಾತು ಅದಾದ ಮೇಲೆ ಆಡಿ.